ಎಪ್ಪತ್ತೊಂದು ಪರ್ಸೆಂಟ್ ಎಲ್ಲಿಂದ ಬಂತು?

ಮ್ಯೂಚುಯಲ್ ಫಂಡಿನ ಲಾಭದ ಅಂಕಿಗಳನ್ನು ಓದುವುದು ಹೇಗೆ ಅಂತ ಸಾಗರದಲ್ಲಿ ಮಳೆಗಾಲದ ಒಂದು ಭಾನುವಾರ ಮಾತಾಡಿದ್ದನ್ನು ಬರೆದು ಕೊಡಿ ಅಂತ ಕೆಲವರು ಕೇಳಿದರು. ಬಂದವರಲ್ಲಿ ಅಡಿಕೆ ಬೆಳೆಗಾರರು ಅರ್ಧ, ನಿವೃತ್ತ ಮೇಷ್ಟ್ರುಗಳು ಕಾಲು, ಉಳಿದವರು ಈಗಷ್ಟೇ ಸಂಬಳ ಶುರುವಾದ ಹುಡುಗ ಹುಡುಗಿಯರು. ಮಾತಿನಲ್ಲಿ ಹೇಗೆ ಬಂತೋ ಹೆಚ್ಚು ಕಡಿಮೆ ಹಾಗೇ ಬರೆದಿದ್ದೇನೆ. ಲೆಕ್ಕಗಳನ್ನು ಮಾತ್ರ ಮನೆಗೆ ಬಂದು ಇನ್ನೊಂದು ಸಲ ಮಾಡಿ ನೋಡಿದೆ.

ನಿಮ್ಮ ಕೈಯಲ್ಲಿ ಒಂದು ಜೆರಾಕ್ಸ್ ಹಾಳೆ ಇದೆ ಅಲ್ವಾ, ಅದನ್ನು ನೋಡಿ. ಫಂಡ್ ಕಂಪನಿಯವರು ತಮ್ಮ ಫಂಡಿನ ಲಾಭದ ಅಂಕಿಗಳನ್ನು ಹಾಕಿ ಕೊಡುವ ಹಾಳೆಗೆ ಫ್ಯಾಕ್ಟ್ ಶೀಟ್ ಅಂತಾರೆ, ಆದರೆ ಯಾವ ಕಂಪನಿಯ ಫ್ಯಾಕ್ಟ್ ಶೀಟೂ ಅಲ್ಲ ಇದು. ಐವತ್ತು ದೊಡ್ಡ ಕಂಪನಿಗಳ ಷೇರು ಬೆಲೆ ಸೇರಿಸಿ ಮಾಡುವ ನಿಫ್ಟಿ 50 ಸೂಚ್ಯಂಕದ ಅಂಕಿ ಹಾಕಿ ನಾನೇ ಮಾಡಿದ್ದು, ಆದರೆ ಆಕಾರ ಮಾತ್ರ ಫ್ಯಾಕ್ಟ್ ಶೀಟಿನದೇ. ತಾರೀಖು 31 ಮಾರ್ಚ್ 2021. ಒಂದು ವರ್ಷದ ಕಾಲಂನಲ್ಲಿ 70.9 ಪರ್ಸೆಂಟ್ ಅಂತಿದೆ. ಮೂರು ವರ್ಷದ್ದು ವರ್ಷಕ್ಕೆ 13.2, ಐದು ವರ್ಷದ್ದು 13.7. ಈ ಮೂರರಲ್ಲಿ ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯಿತು ಅಂತ ನಾನು ಕೇಳುವುದಿಲ್ಲ. ನನ್ನದೂ ಅಲ್ಲಿಗೇ ಹೋಗಿತ್ತು.

ಈಗ ಇದಕ್ಕಿಂತ ಮೂರು ತಿಂಗಳು ಹಿಂದಿನ ಶೀಟ್ ಯೋಚನೆ ಮಾಡಿ, 31 ಡಿಸೆಂಬರ್ 2020ರದ್ದು. ಅದರಲ್ಲಿ ಅದೇ ನಿಫ್ಟಿಯ ಒಂದು ವರ್ಷದ ಕಾಲಂ 14.9 ಪರ್ಸೆಂಟ್ ತೋರಿಸುತ್ತಿತ್ತು. ಮೂರು ತಿಂಗಳಲ್ಲಿ 15 ಇದ್ದದ್ದು 71 ಆಯಿತು. ಆ ಮೂರು ತಿಂಗಳಲ್ಲಿ ಸೂಚ್ಯಂಕ ಎಷ್ಟು ಏರಿತ್ತು ಗೊತ್ತಾ? 13,982 ಇದ್ದದ್ದು 14,691. ಐದು ಪರ್ಸೆಂಟ್, ಅಷ್ಟೇ.

ಹಾಗಾದರೆ ಉಳಿದದ್ದು ಎಲ್ಲಿಂದ ಬಂತು? ಲೆಕ್ಕದ ಹಿಂದಿನ ತುದಿಯಿಂದ. ಡಿಸೆಂಬರ್ ಶೀಟಿನಲ್ಲಿ ಒಂದು ವರ್ಷ ಹಿಂದೆ ಅಂದರೆ 2019ರ ಕೊನೆ, ಆಗ ನಿಫ್ಟಿ 12,168ರಲ್ಲಿ ಆರಾಮಾಗಿತ್ತು. ಮಾರ್ಚ್ ಶೀಟಿನಲ್ಲಿ ಒಂದು ವರ್ಷ ಹಿಂದೆ ಅಂದರೆ 31 ಮಾರ್ಚ್ 2020. ಲಾಕ್‌ಡೌನ್ ಶುರುವಾಗಿ ಒಂದು ವಾರ, ನಿಫ್ಟಿ 8,598. ಈ ಕಡೆಯ ಅಂಕಿ ಹೆಚ್ಚೇನೂ ಬದಲಾಗಲಿಲ್ಲ, ಆ ಕಡೆಯ ಅಂಕಿ ಹಳ್ಳಕ್ಕೆ ಬಿತ್ತು. ಎರಡರ ನಡುವಿನ ಅಂತರವನ್ನು ನಾವು ಲಾಭ ಅಂತ ಓದಿದೆವು.

ನಮ್ಮ ಊರಲ್ಲಿ ಇದು ಯಾರಿಗೂ ಹೊಸದಲ್ಲ, ಬೇರೆ ಹೆಸರಲ್ಲಿ ಗೊತ್ತು. ಮಳೆಗಾಲದಲ್ಲಿ ಪೇಪರ್ ಬಿಡಿಸಿದರೆ ಮೊದಲು ಹುಡುಕುವುದು ಲಿಂಗನಮಕ್ಕಿ ಮಟ್ಟ. ಗರಿಷ್ಠ 1,819 ಅಡಿ, ಇವತ್ತಿನ ಮಟ್ಟ ಇಷ್ಟು, ಕಳೆದ ವರ್ಷ ಇದೇ ದಿನ ಇಷ್ಟು. 2024ರಲ್ಲಿ ಈ ಸಾಲನ್ನು ಓದಿದವರು ಈ ವರ್ಷ ಏನು ನೀರು ಮಾರಾಯ್ರೆ ಅಂದರು. ನೀರು ಬಂದಿದ್ದು ಹೌದು. ಆದರೆ ಹೋಲಿಸಿದ್ದು 2023ರ ಜೊತೆ, ಅದು ಬರಗಾಲದ ವರ್ಷ. ಒಂದು ದಿನದ ಮಟ್ಟವನ್ನು ಇನ್ನೊಂದು ದಿನದ ಮಟ್ಟದ ಪಕ್ಕ ಇಟ್ಟರೆ ಮಧ್ಯದಲ್ಲಿ ನದಿ ಹೇಗೆ ಹರಿಯಿತು ಅಂತ ತಿಳಿಯುವುದಿಲ್ಲ, ಹೋಲಿಸಿದ ದಿನ ಎಂಥದ್ದು ಅನ್ನುವುದರ ಮೇಲೆ ಎಲ್ಲ ನಿಂತಿರುತ್ತದೆ. ಫ್ಯಾಕ್ಟ್ ಶೀಟಿನ 1 ವರ್ಷ, 3 ವರ್ಷ, 5 ವರ್ಷ, ಶುರುವಾದಾಗಿನಿಂದ ಅನ್ನುವ ನಾಲ್ಕು ಕಾಲಂಗಳು ಈ ಜಾತಿಗೆ ಸೇರಿದವು. ಹತ್ತು ಸಾವಿರ ಹಾಕಿದ್ದರೆ ಇಷ್ಟಾಗುತ್ತಿತ್ತು ಅಂತ ಪಕ್ಕದಲ್ಲಿ ಬರೆದಿರುವುದೂ ಅದೇ ಲೆಕ್ಕ. ಷೇರು ಮಾರ್ಕೆಟ್ಟು, ಫಂಡ್‌ಗಳ ಮೇಲೆ ಕಣ್ಣಿಡುವ ಸೆಬಿಯ ನಿಯಮದ ಪ್ರಕಾರ ಈ ಕಾಲಂಗಳನ್ನು ಕೊಡಲೇಬೇಕು. ಅವು ಸುಳ್ಳಲ್ಲ. ಎರಡೇ ತಾರೀಖಿನ ಸತ್ಯ.

ಎಪ್ಪತ್ತೊಂದು ಬಂತಲ್ಲ, ಅದರ ಹಿಂದಿನ ವರ್ಷ ಏನಾಗಿತ್ತು ಅಂತಲೂ ನೋಡಿಬಿಡೋಣ. 2019ರ ಮಾರ್ಚ್ ಕೊನೆಯಲ್ಲಿ ನಿಫ್ಟಿ 11,624. ಅಲ್ಲಿಂದ ಒಂದು ವರ್ಷಕ್ಕೆ 26 ಪರ್ಸೆಂಟ್ ಬಿತ್ತು. ಅವತ್ತು ಒಂದು ಲಕ್ಷ ಹಾಕಿದವರ ಹಣ ಮೊದಲ ವರ್ಷ 74 ಸಾವಿರ ಆಯಿತು, ಎರಡನೇ ವರ್ಷ ಆ 74 ಸಾವಿರದ ಮೇಲೆ 71 ಪರ್ಸೆಂಟ್ ಬೆಳೆದು 1 ಲಕ್ಷ 26 ಸಾವಿರ ಚಿಲ್ಲರೆ ಆಯಿತು. ವರ್ಷಕ್ಕೆ ಹನ್ನೆರಡೂವರೆ ಹತ್ತಿರ. ಒಳ್ಳೆಯ ಅಂಕಿಯೇ. ಆದರೆ ಅದನ್ನು ಯಾರೂ ಕೆಂಪಕ್ಷರದಲ್ಲಿ ಹಾಕಲಿಲ್ಲ.

ಇಷ್ಟು ಜೋರಾಗಿ ಹೇಳುತ್ತಿರುವ ನಾನು ಏನು ಮಾಡಿದ್ದೆ ಅಂತಲೂ ಹೇಳಬೇಕು, ಇಲ್ಲದಿದ್ದರೆ ಸರಿ ಹೋಗಲ್ಲ. 2018ರ ಜನವರಿಯಲ್ಲಿ ಕೈಯಲ್ಲಿ ಸ್ವಲ್ಪ ಅಡಿಕೆ ದುಡ್ಡಿತ್ತು. ಒಂದು ಸ್ಮಾಲ್‌ಕ್ಯಾಪ್ ಫಂಡಿನ ಫ್ಯಾಕ್ಟ್ ಶೀಟ್ ನೋಡಿದೆ. ಸ್ಮಾಲ್‌ಕ್ಯಾಪ್ ಅಂದರೆ ದೊಡ್ಡ 250 ಕಂಪನಿಗಳನ್ನು ಬಿಟ್ಟು ಅದರ ಕೆಳಗಿನವು. 2017ರಲ್ಲಿ ಆ ಕಂಪನಿಗಳ ಷೇರು ಹುಚ್ಚೆದ್ದು ಏರಿದ್ದವು, ನಿಫ್ಟಿ ಸ್ಮಾಲ್‌ಕ್ಯಾಪ್ 100 ಸೂಚ್ಯಂಕ ಆ ಒಂದೇ ವರ್ಷದಲ್ಲಿ ಸುಮಾರು 57 ಪರ್ಸೆಂಟ್ ಮೇಲೆ ಹೋಗಿತ್ತು. ನಾನು ನೋಡಿದ ಫಂಡಿನ ಒಂದು ವರ್ಷದ ಕಾಲಂ ಅದರ ಹತ್ತಿರವೇ ಇತ್ತು. ಹಾಕಿದೆ. ಆಮೇಲೆ 2018ರಲ್ಲಿ ಆ ಸೂಚ್ಯಂಕ ಸುಮಾರು 29 ಪರ್ಸೆಂಟ್ ಬಿತ್ತು, 2019ರಲ್ಲಿ ಮತ್ತೆ ಹತ್ತರ ಹತ್ತಿರ ಬಿತ್ತು. ಲಕ್ಷ ಅಂತ ಇಟ್ಟುಕೊಂಡರೆ 64 ಸಾವಿರ. 2020ರಲ್ಲಿ ಒಂದಷ್ಟು ಏರಿದ ಮೇಲೂ, ಮೂರು ವರ್ಷ ತುಂಬಿದಾಗಲೂ, ಅದು ಲಕ್ಷಕ್ಕೆ ವಾಪಸ್ ಬಂದಿರಲಿಲ್ಲ. ನನ್ನ ಫಂಡೂ ಅದೇ ದಾರಿ ಹಿಡಿಯಿತು. ಹೆಂಡತಿ ಕೇಳಿದಾಗ ಮಾರ್ಕೆಟ್ ಸರಿ ಇಲ್ಲ ಅಂದೆ. ಮಾರ್ಕೆಟ್ಟಿನ ಕಥೆ ಬಿಡಿ, ನಾನು ಓದಿದ ಕಾಲಂ ಸರಿ ಇರಲಿಲ್ಲ. ಫಂಡ್ ಕಂಪನಿಯವರು ಏನೂ ಮುಚ್ಚಿಟ್ಟಿರಲಿಲ್ಲ, ನಾನೇ ಒಂದು ಕಾಲಂ ನೋಡಿ ಹಾಳೆ ಮಡಚಿದ್ದೆ.

ಇಷ್ಟು ಹೇಳುವ ಹೊತ್ತಿಗೆ ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು, "ಒಂದು ವರ್ಷದ ರಾಶಿ ರೇಟು ನೋಡಿ ಗದ್ದೆಗೆ ಅಡಿಕೆ ಸಸಿ ಇಟ್ಟ ಹಾಗೆ ಆಯ್ತಲ್ಲ ಇದು" ಅಂದರು. ಹೌದು, ಹಾಗೇ. ಸಸಿ ಫಲ ಕೊಡಲು ಐದಾರು ವರ್ಷ ಬೇಕು, ರೇಟು ನೋಡಿದ್ದು ಒಂದು ವರ್ಷದ್ದು. ಹಣ ಎಷ್ಟು ವರ್ಷ ಇರುತ್ತದೋ ಅಷ್ಟು ವರ್ಷದ ಲೆಕ್ಕವನ್ನೇ ನೋಡಬೇಕು, ಅದೂ ಒಂದು ಸಲದ್ದಲ್ಲ, ಎಷ್ಟು ಸಲ ಸಿಗುತ್ತೋ ಅಷ್ಟೂ ಸಲದ್ದು. ಅದಕ್ಕೆ ರೋಲಿಂಗ್ ರಿಟರ್ನ್ ಅಂತ ಹೆಸರು.

ಕೆಲಸ ಸುಲಭದ್ದು. ಮೂರು ವರ್ಷ ಉದ್ದದ ಒಂದು ಕೋಲು ಇದೆ ಅಂದುಕೊಳ್ಳಿ. ಫಂಡಿನ ಒಂದು ಯೂನಿಟ್ಟಿನ ಬೆಲೆಗೆ ಎನ್‌ಎವಿ ಅಂತಾರೆ, ಅದರ ಹಳೆಯ ಪಟ್ಟಿಯ ಮೇಲೆ ಈ ಕೋಲನ್ನು ಇಡುತ್ತೀರಿ. ಒಂದು ತುದಿಯ ಬೆಲೆ, ಇನ್ನೊಂದು ತುದಿಯ ಬೆಲೆ, ಮಧ್ಯೆ ಮೂರು ವರ್ಷ. ಚಕ್ರಬಡ್ಡಿ ಲೆಕ್ಕದಲ್ಲಿ ವರ್ಷಕ್ಕೆ ಎಷ್ಟು ಬಂತು ಅಂತ ಬರೆದುಕೊಳ್ಳುತ್ತೀರಿ. ಕೋಲನ್ನು ಒಂದು ತಿಂಗಳು ಮುಂದೆ ಸರಿಸಿ ಮತ್ತೆ ಬರೆಯುತ್ತೀರಿ. ಹೀಗೆ ಪಟ್ಟಿ ಮುಗಿಯುವವರೆಗೆ. ಹತ್ತು ವರ್ಷದ ಪಟ್ಟಿ ಇದ್ದರೆ ತಿಂಗಳಿಗೊಮ್ಮೆ ಸರಿಸಿ 85 ಸಲ ಅಳೆಯಬಹುದು. ಯಾವುದೋ ಒಂದು ತಿಂಗಳು ಹಣ ಹಾಕಿ ಮೂರು ವರ್ಷ ಬಿಟ್ಟು ತೆಗೆದವರು 85 ಜನ ಇದ್ದರು ಅನ್ನಿ, ಒಬ್ಬೊಬ್ಬರಿಗೆ ಎಷ್ಟೆಷ್ಟು ಸಿಕ್ಕಿತು ಅನ್ನುವ ಪಟ್ಟಿ ಅದು. ಫ್ಯಾಕ್ಟ್ ಶೀಟಿನ ಮೂರು ವರ್ಷದ ಕಾಲಂ ಅಂದರೆ ಆ 85 ಜನರಲ್ಲಿ ಕೊನೆಯವನೊಬ್ಬನ ಕಥೆ.

ಬೋರ್ಡಿನ ಮೇಲೆ ಮಾಡಿ ತೋರಿಸಲು ತಿಂಗಳ ಲೆಕ್ಕ ಜಾಸ್ತಿಯಾಗುತ್ತದೆ ಅಂತ ನಿಫ್ಟಿಯ ವರ್ಷಾಂತ್ಯದ ಅಂಕಿಗಳನ್ನೇ ತಗೊಂಡೆ, 2007ರಿಂದ 2024ರವರೆಗೆ. ಮೂರು ವರ್ಷದ ಕೋಲು ಹದಿನೈದು ಸಲ ಕೂರುತ್ತದೆ.

ಮೊದಲ ಕೋಲು 2007ರ ಕೊನೆಯಿಂದ 2010ರ ಕೊನೆಗೆ. ನಿಫ್ಟಿ 6,139ರಲ್ಲಿ ಶುರು, 6,135ರಲ್ಲಿ ಮುಕ್ತಾಯ. ಮೂರು ವರ್ಷ ಕಾದಿದ್ದಕ್ಕೆ ಸೊನ್ನೆ. ಮಧ್ಯದಲ್ಲಿ 2008ರಲ್ಲಿ ಅರ್ಧಕ್ಕಿಂತ ಜಾಸ್ತಿ ಕಳೆದುಕೊಂಡು, 2009ರಲ್ಲಿ 76 ಪರ್ಸೆಂಟ್ ಏರಿ, ಸುತ್ತಿ ಬಳಸಿ ಹೊರಟಲ್ಲಿಗೇ ಬಂದು ನಿಂತಿತು. ಆ 2009ರ ಫ್ಯಾಕ್ಟ್ ಶೀಟಿನಲ್ಲಿ ಒಂದು ವರ್ಷದ ಕಾಲಂ ಎಷ್ಟು ಚೆಂದ ಕಂಡಿರಬೇಕು ನೋಡಿ. ಅದನ್ನು ನಂಬಿ 2009ರ ಕೊನೆಗೆ ಹಾಕಿದವರ ಕೋಲಿಗೆ ವರ್ಷಕ್ಕೆ 4.3 ಸಿಕ್ಕಿತು. 2010ರ ಕೊನೆಗೆ ಹಾಕಿದವರಿಗೆ ಒಂದು ಪರ್ಸೆಂಟೂ ಇಲ್ಲ, 0.9. ಅದೇ 2011, ಮಾರ್ಕೆಟ್ 25 ಪರ್ಸೆಂಟ್ ಬಿದ್ದ ವರ್ಷ, ಯಾರಿಗೂ ಬೇಡವಾಗಿದ್ದ ವರ್ಷ, ಅದರ ಕೊನೆಗೆ ಹಾಕಿದವರಿಗೆ ಹದಿನೈದರಲ್ಲೇ ಅತಿ ಹೆಚ್ಚು ಸಿಕ್ಕಿತು, ವರ್ಷಕ್ಕೆ 21.4.

ಹದಿನೈದನ್ನೂ ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿದರೆ ಕೆಳಗೆ ಸೊನ್ನೆ, ಮೇಲೆ 21.4, ಸರಿಯಾಗಿ ಮಧ್ಯದಲ್ಲಿ ಕೂತದ್ದು 10.9. ಬ್ಯಾಂಕ್ ಠೇವಣಿಗೆ 7 ಅಂತ ಒಂದು ಗೆರೆ ಎಳೆದರೆ ಮೂರು ಕೋಲು ಗೆರೆಯ ಕೆಳಗೆ, ಹನ್ನೆರಡು ಮೇಲೆ. ಇಲ್ಲಿ ಡಿವಿಡೆಂಡ್ ಸೇರಿಸಿಲ್ಲ, ಸೇರಿಸಿದರೆ ವರ್ಷಕ್ಕೆ ಒಂದು, ಒಂದೂಕಾಲು ಪರ್ಸೆಂಟ್ ಮೇಲೇರುತ್ತದೆ. ಅದು ಬಿಟ್ಟರೆ, ಮೂರು ವರ್ಷಕ್ಕೆ ನಿಫ್ಟಿಯಲ್ಲಿ ಹಣ ಇಟ್ಟರೆ ಏನಾಗಬಹುದು ಅನ್ನುವುದಕ್ಕೆ ಈ ನಾಲ್ಕು ಮಾತು ಎಷ್ಟು ಹೇಳುತ್ತವೋ 71 ಅನ್ನುವ ಒಂದು ಅಂಕಿ ಅದರಲ್ಲಿ ಕಾಲು ಭಾಗವೂ ಹೇಳುವುದಿಲ್ಲ.

ಕೋಲಿನ ಉದ್ದ ಬದಲಿಸಿದರೆ ಏನಾಗುತ್ತದೆ ಅಂತ ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಒಂದು ವರ್ಷದ ಕೋಲಿಗೆ ಇದೇ ಪಟ್ಟಿಯಲ್ಲಿ ಕೆಳಗೆ ಮೈನಸ್ 52, ಮೇಲೆ 76. ಐದು ವರ್ಷದ ಕೋಲಿಗೆ ಕೆಳಗೆ ಮೈನಸ್ 0.8, ಮೇಲೆ 16.3. ಅಂದರೆ ಕೋಲು ಉದ್ದವಾದಷ್ಟೂ ಎರಡೂ ತುದಿ ಹತ್ತಿರ ಬರುತ್ತವೆ. ಐದು ವರ್ಷ ಇಟ್ಟರೆ ನಷ್ಟವೇ ಇಲ್ಲ ಅನ್ನುವ ಮಾತು ಮಾತ್ರ ನಂಬಬೇಡಿ, 2007ರ ಕೊನೆಗೆ ಹಾಕಿದವರು 2012ರ ಕೊನೆಗೂ ಸ್ವಲ್ಪ ಕೆಳಗೇ ಇದ್ದರು. ಮಗಳ ಕಾಲೇಜು ಫೀಸು ಐದು ವರ್ಷಕ್ಕೆ ಬೇಕಾದರೆ ಐದು ವರ್ಷದ ಕೋಲು ನೋಡಿ. ಮುಂದಿನ ವರ್ಷ ಮನೆಗೆ ಹಂಚು ಹೊದೆಸಬೇಕಾದರೆ ಒಂದು ವರ್ಷದ ಕೋಲು ನೋಡಿ, ಆ ಮೈನಸ್ 52 ನೋಡಿ ದುಡ್ಡನ್ನು ಬ್ಯಾಂಕಿನಲ್ಲೇ ಬಿಡಿ.

ಈಗ ನಿಜವಾದ ಫ್ಯಾಕ್ಟ್ ಶೀಟಿಗೆ ಬರೋಣ. ಕೆಲವು ಕಂಪನಿಗಳು ರೋಲಿಂಗ್ ರಿಟರ್ನ್ ಕೋಷ್ಟಕ ಕೊಡುತ್ತವೆ, ಎಲ್ಲರೂ ಕೊಡುವುದಿಲ್ಲ. ಕೊಟ್ಟಿದ್ದರೆ ಅದರಲ್ಲಿ ಕನಿಷ್ಠ, ಗರಿಷ್ಠ, ಸರಾಸರಿ ಇರುತ್ತದೆ, ಇನ್ನೊಂದು ಕಡೆ ಎಷ್ಟು ಪರ್ಸೆಂಟ್ ಸಲ ನಷ್ಟ, ಎಷ್ಟು ಸಲ ಸೊನ್ನೆಯಿಂದ ಆರು, ಎಷ್ಟು ಸಲ ಆರರಿಂದ ಹನ್ನೆರಡು, ಹೀಗೆ ಪಾಲು ಮಾಡಿರುತ್ತಾರೆ. ಎಲ್ಲರೂ ಸರಾಸರಿ ನೋಡುತ್ತಾರೆ. ನಾನು ಸರಾಸರಿಯನ್ನು ಕೊನೆಗೆ ನೋಡುತ್ತೇನೆ. ಯಾಕೆ ಅಂತ ಒಂದು ಕಟ್ಟಿದ ಉದಾಹರಣೆ ಹೇಳುತ್ತೇನೆ. ಒಂದು ಫಂಡಿನ ಮೂರು ವರ್ಷದ ರೋಲಿಂಗ್ ಸರಾಸರಿ 14.5, ಕನಿಷ್ಠ ಮೈನಸ್ 9, ಗರಿಷ್ಠ 38, ನೂರರಲ್ಲಿ ಹದಿನೈದು ಸಲ ನಷ್ಟ. ಇನ್ನೊಂದರ ಸರಾಸರಿ 13.2, ಕನಿಷ್ಠ 1, ಗರಿಷ್ಠ 24, ನಷ್ಟದ ಸಲ ಇಲ್ಲ. ಸರಾಸರಿ ನೋಡಿದರೆ ಮೊದಲನೆಯದು ಗೆದ್ದಿತು. ಆದರೆ ಆ ಸರಾಸರಿಯನ್ನು ಎತ್ತಿ ಹಿಡಿದದ್ದು 38ರ ಆಸುಪಾಸಿನ ಕೆಲವೇ ಕೋಲುಗಳು. ಆ ಕೆಲವು ತಿಂಗಳಲ್ಲೇ ನೀವು ಹಣ ಹಾಕುತ್ತೀರಿ ಅಂತ ಯಾರು ಹೇಳಿದ್ದು? ವರ್ಷಕ್ಕೆ ಮೈನಸ್ 9 ಮೂರು ವರ್ಷ ಅಂದರೆ ಲಕ್ಷ ಹೋಗಿ 75 ಸಾವಿರ. ಅದನ್ನು ನೋಡುತ್ತಾ ತೆಗೆಯದೆ ಸುಮ್ನೆ ಕೂರುವ ಗಟ್ಟಿತನ ನನಗಿಲ್ಲ, 2019ರಲ್ಲಿ ಗೊತ್ತಾಯಿತು. ಇರುವವರು ಮೊದಲನೆಯದನ್ನು ತಗೊಳ್ಳಲಿ, ತಪ್ಪೇನಿಲ್ಲ.

ಇನ್ನೊಂದು, ಫಂಡಿನ ಕೋಲುಗಳ ಪಕ್ಕದಲ್ಲಿ ಅದರ ಬೆಂಚ್‌ಮಾರ್ಕ್ ಸೂಚ್ಯಂಕದ, ಅಂದರೆ ಫಂಡ್ ತನ್ನನ್ನು ಹೋಲಿಸಿಕೊಳ್ಳುವ ಸೂಚ್ಯಂಕದ ಕೋಲುಗಳನ್ನು ಇಟ್ಟು ನೋಡಬೇಕು. ಅದೇ ತಾರೀಖಿನಲ್ಲಿ ಶುರು, ಅದೇ ತಾರೀಖಿನಲ್ಲಿ ಮುಕ್ತಾಯ. 85ರಲ್ಲಿ ಎಷ್ಟು ಸಲ ಫಂಡ್ ಗೆದ್ದಿತು ಅಂತ ಎಣಿಸಿ. ಅರ್ಧದ ಸುತ್ತಮುತ್ತ ಇದ್ದರೆ ಫಂಡ್ ಮ್ಯಾನೇಜರಿಗೆ ಯಾಕೆ ಫೀಸು ಕೊಡುತ್ತಿದ್ದೇನೆ ಅಂತ ಕೇಳಿಕೊಳ್ಳಬಹುದು. ಡಿವಿಡೆಂಡ್ ಸೇರಿಸಿದ ಸೂಚ್ಯಂಕವನ್ನೇ ತಗೊಳ್ಳಿ, ಟಿಆರ್‌ಐ ಅಂತಾರೆ. 2018ರ ಫೆಬ್ರವರಿಯಿಂದ ಫಂಡ್‌ಗಳು ಅದರ ಜೊತೆಗೇ ಹೋಲಿಸಿಕೊಳ್ಳಬೇಕು ಅಂತ ಸೆಬಿ ಮಾಡಿದೆ. ಬರೀ ಬೆಲೆಯ ಸೂಚ್ಯಂಕದ ಜೊತೆ ಹೋಲಿಸಿದರೆ ಡಿವಿಡೆಂಡನ್ನು ಕೈಯಲ್ಲಿಟ್ಟುಕೊಂಡ ಫಂಡಿಗೆ ಓಟದಲ್ಲಿ ಹತ್ತು ಹೆಜ್ಜೆ ಮುಂದೆ ನಿಲ್ಲಿಸಿದ ಹಾಗೆ.

ಇಲ್ಲಿಗೆ ರೋಲಿಂಗ್ ರಿಟರ್ನ್ ಅಂದರೆ ಮೋಸವೇ ಇಲ್ಲದ ಲೆಕ್ಕ ಅಂತ ಅನಿಸಿದ್ದರೆ ಸ್ವಲ್ಪ ತಡೀರಿ. ಬೋರ್ಡಿನ ಮೇಲಿನ ಆ ಹದಿನೈದು ಸಾಲಿನಲ್ಲಿ ಮೇಲಿನ ನಾಲ್ಕನ್ನು ಡಸ್ಟರ್ ತಗೊಂಡು ಒರೆಸಿದೆ. ಅಂದರೆ ಲೆಕ್ಕವನ್ನು 2007ರ ಬದಲು 2011ರ ಕೊನೆಯಿಂದ ಶುರು ಮಾಡಿದೆ. ಉಳಿದದ್ದು ಹನ್ನೊಂದು ಕೋಲು. ಕನಿಷ್ಠ ಸೊನ್ನೆ ಇದ್ದದ್ದು 8.3 ಆಯಿತು. ಹದಿನೈದರ ಸರಾಸರಿಯೂ 10.9 ಇತ್ತು, ಅದು 12.9 ಆಯಿತು. ಠೇವಣಿಯ ಗೆರೆ ಕೆಳಗೆ ಒಂದೂ ಇಲ್ಲ. ಯಾವ ಅಂಕಿಯನ್ನೂ ತಿದ್ದಿಲ್ಲ, ಬರೀ ಶುರುವಿನ ತಾರೀಖು ಬದಲಾಯಿತು. ಮೂರು ವರ್ಷದಲ್ಲಿ ಯಾವತ್ತೂ ಎಂಟಕ್ಕಿಂತ ಕಡಿಮೆ ಕೊಟ್ಟಿಲ್ಲ ಅಂತ ಇದನ್ನು ತೋರಿಸಿ ಯಾರಾದರೂ ಹೇಳಿದರೆ ಅದು ಲೆಕ್ಕದ ಪ್ರಕಾರ ಸರಿಯೇ. ಹಾಗಾಗಿ ಕೋಷ್ಟಕದ ಕೆಳಗೆ ಇರುವೆ ಸಾಲಿನ ಹಾಗೆ ಬರೆದಿರುತ್ತಾರಲ್ಲ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಎಷ್ಟು ವರ್ಷದ ಕೋಲು, ದಿನಕ್ಕೊಮ್ಮೆ ಸರಿಸಿದ್ದಾ ತಿಂಗಳಿಗೊಮ್ಮೆಯಾ ಅಂತ, ಕನ್ನಡಕ ಹಾಕಿಕೊಂಡು ಅದನ್ನು ಮೊದಲು ಓದಿ. ಲೆಕ್ಕದ ಒಳಗೆ ಒಂದಾದರೂ ದೊಡ್ಡ ಕುಸಿತದ ಮೊದಲಿನ ತಿಂಗಳುಗಳು ಸೇರಿವೆಯಾ ನೋಡಿ. 2020ರ ಏಪ್ರಿಲ್‌ನಿಂದ ಶುರುವಾಗಿದ್ದರೆ ಎಲ್ಲ ಕೋಲುಗಳೂ ಹಳ್ಳ ದಾಟಿದ ಮೇಲಿನವು.

ತಿಂಗಳಿಗೊಮ್ಮೆ ಸರಿಸುವುದು ಯಾಕೆ ಮುಖ್ಯ ಅನ್ನುವುದಕ್ಕೂ ನನ್ನ ಬೋರ್ಡೇ ಸಾಕ್ಷಿ. ಆ ಹದಿನೈದರಲ್ಲಿ ಅತಿ ಕೆಟ್ಟದ್ದು ಸೊನ್ನೆ ಅಂದೆನಲ್ಲ, ಅದರಲ್ಲಿ 2020ರ ಮಾರ್ಚ್ ಸಿಕ್ಕಿಬೀಳಲೇ ಇಲ್ಲ. ನಾನು ಡಿಸೆಂಬರಿನಿಂದ ಡಿಸೆಂಬರಿಗೆ ಅಳೆದೆ, ಮಾರ್ಚಿನ ಹಳ್ಳ ಎರಡು ಡಿಸೆಂಬರಿನ ಮಧ್ಯೆ ಬಚಾವಾಯಿತು. ಮಾರ್ಚ್ 2017ರ ಕೊನೆಯಲ್ಲಿ ನಿಫ್ಟಿ 9,174, ಮಾರ್ಚ್ 2020ರ ಕೊನೆಯಲ್ಲಿ 8,598. ಮೂರು ವರ್ಷಕ್ಕೆ ವರ್ಷಕ್ಕೆ ಮೈನಸ್ 2.1. ತಿಂಗಳಿಗೊಮ್ಮೆ ಸರಿಸಿದ್ದರೆ ಸಿಗುತ್ತಿತ್ತು. ದಿನಕ್ಕೊಮ್ಮೆ ಸರಿಸಿದರೆ ಮಾರ್ಚ್ 23 ಕೂಡ ಸಿಗುತ್ತದೆ, ಅವತ್ತು 7,610ಕ್ಕೆ ಮುಗಿದಿತ್ತು.

ಫ್ಯಾಕ್ಟ್ ಶೀಟಿನಲ್ಲಿ ಈ ಕೋಷ್ಟಕವೇ ಇಲ್ಲದಿದ್ದರೆ ನೀವೇ ಮಾಡಬಹುದು, ಅರ್ಧ ಗಂಟೆ ಕೆಲಸ. ಫಂಡ್ ಕಂಪನಿಗಳ ಸಂಘವಾದ ಆಂಫಿಯ ವೆಬ್‌ಸೈಟಿನಲ್ಲಿ ಪ್ರತಿ ಫಂಡಿನ ಹಳೆಯ ಎನ್‌ಎವಿ ಇದೆ. ತಿಂಗಳ ಕೊನೆಯ ದಿನದ್ದನ್ನು ಮಾತ್ರ ಸ್ಪ್ರೆಡ್‌ಶೀಟಿಗೆ ಹಾಕಿ, ಹಳೆಯದು ಮೇಲೆ, ಹೊಸದು ಕೆಳಗೆ, ಬಿ ಕಾಲಂನಲ್ಲಿ ಎರಡನೇ ಸಾಲಿನಿಂದ. ಹತ್ತು ವರ್ಷಕ್ಕೆ 121 ಸಾಲು ಆಗುತ್ತದೆ. ಆಮೇಲೆ ಸಿ ಕಾಲಂನ 38ನೇ ಸಾಲಿನಲ್ಲಿ ಇದನ್ನು ಬರೆದು ಕೊನೆಯವರೆಗೆ ಎಳೆಯಿರಿ:

```
=(B38/B2)^(1/3)-1
```

ಎರಡನೇ ಸಾಲಿನಿಂದ 38ನೇ ಸಾಲಿಗೆ ಮೂವತ್ತಾರು ತಿಂಗಳು, ಅದೇ ಕೋಲು. ಕೆಳಗೆ ಎಳೆದ ಹಾಗೆ ಅದು ತಾನಾಗಿ ಸರಿಯುತ್ತದೆ. ಕೊನೆಯಲ್ಲಿ ಮೂರು ಲೆಕ್ಕ ಸಾಕು:

```
=MIN(C38:C122)
=MEDIAN(C38:C122)
=COUNTIF(C38:C122,"<0.07")/COUNT(C38:C122)
```

ಅತಿ ಕೆಟ್ಟದ್ದು, ಮಧ್ಯದ್ದು, ಮತ್ತೆ ಏಳು ಪರ್ಸೆಂಟ್ ಮುಟ್ಟದೆ ಹೋದದ್ದು ಎಷ್ಟು ಪಾಲು. ಏಳರ ಜಾಗದಲ್ಲಿ ನಿಮ್ಮ ಬ್ಯಾಂಕಿನ ದರ ಹಾಕಿಕೊಳ್ಳಿ.

ಇದರಲ್ಲಿ ಜನ ಎಡವುವುದು ಒಂದೇ ಕಡೆ. ಲಾಭವನ್ನು ಹಂಚದೆ ಫಂಡಿನ ಒಳಗೇ ಬಿಡುವ ಗ್ರೋತ್ ಆಪ್ಷನ್‌ನ ಎನ್‌ಎವಿ ತಗೊಳ್ಳಬೇಕು. ಐಡಿಸಿಡಬ್ಲ್ಯೂ, ಅಂದರೆ ಮೊದಲು ಡಿವಿಡೆಂಡ್ ಆಪ್ಷನ್ ಅನ್ನುತ್ತಿದ್ದದ್ದು, ಅದರಲ್ಲಿ ಹಣ ಹಂಚಿದ ದಿನ ಎನ್‌ಎವಿ ಅಷ್ಟು ಇಳಿಯುತ್ತದೆ. ಹಾಗಾಗಿ ನಿಮ್ಮ ಲೆಕ್ಕದಲ್ಲಿ ಇಲ್ಲದ ನಷ್ಟ ಕಾಣುತ್ತದೆ. ಒಳ್ಳೆಯ ಫಂಡಿಗೆ ಎಂಟು ಹತ್ತು ಸಲ ನಷ್ಟ ಬಂತು ಅಂತ ಗಾಬರಿಯಾದರೆ ಮೊದಲು ಪಟ್ಟಿಯ ತಲೆಬರಹ ನೋಡಿ. ಏಜೆಂಟರಿಲ್ಲದೆ ನೇರವಾಗಿ ಕೊಳ್ಳುವ ಡೈರೆಕ್ಟ್ ಪ್ಲಾನ್ ಶುರುವಾದದ್ದು 2013ರ ಜನವರಿಯಲ್ಲಿ, ಅದಕ್ಕಿಂತ ಹಿಂದಿನದು ಬೇಕಾದರೆ ರೆಗ್ಯುಲರ್ ಪ್ಲಾನಿನ ಪಟ್ಟಿಯೇ ಗತಿ. ನಿಮ್ಮ ಹಣ ಏಜೆಂಟರ ಮೂಲಕ ರೆಗ್ಯುಲರ್ ಪ್ಲಾನಿನಲ್ಲಿ ಇದ್ದರೆ ಅದನ್ನೇ ಅಳೆಯಿರಿ, ಡೈರೆಕ್ಟಿನ ಚೆಂದದ ಅಂಕಿ ನೋಡಿ ಖುಷಿ ಪಟ್ಟು ಪ್ರಯೋಜನ ಇಲ್ಲ.

ಲೆಕ್ಕದ ಮೇಷ್ಟ್ರಾಗಿದ್ದವರೊಬ್ಬರು ಹಿಂದಿನ ಬೆಂಚಿನಿಂದ ಎದ್ದು ನಿಂತು, "85 ಸಲ ಅಂತೀರಿ, ಆದ್ರೆ ಒಂದು ಕೋಲಿಗೂ ಪಕ್ಕದ ಕೋಲಿಗೂ 35 ತಿಂಗಳು ಒಂದೇ ಅಲ್ವಾ? 85 ಸಾಕ್ಷಿ ಹೇಗಾಯ್ತು ಅದು?" ಅಂದರು. ನನಗೆ ಇಡೀ ದಿನ ಬಂದ ಪ್ರಶ್ನೆಗಳಲ್ಲಿ ಇದೇ ಇಷ್ಟವಾದದ್ದು. ಅವರು ಹೇಳಿದ್ದು ಸರಿ. ಹತ್ತು ವರ್ಷದಲ್ಲಿ ಒಂದರ ಮೇಲೊಂದು ಬೀಳದ ಹಾಗೆ ಇಟ್ಟರೆ ಮೂರು ವರ್ಷದ ಕೋಲು ಮೂರೇ ಕೂರುತ್ತದೆ. ಒಂದು ಒಳ್ಳೆಯ ವರ್ಷ ಮಧ್ಯದಲ್ಲಿ ಬಂದರೆ ಅದು ಇಪ್ಪತ್ತೈದು ಕೋಲಿನ ಒಳಗೆ ಪೂರ್ತಿ ಕೂತು ಎಲ್ಲವನ್ನೂ ಚೆಂದ ಮಾಡುತ್ತದೆ. ಹಾಗಾಗಿ ನೂರರಲ್ಲಿ ತೊಂಬತ್ತು ಸಲ ಲಾಭ ಅಂತ ಬಂದರೆ ಮುಂದೆ ಲಾಭವಾಗುವ ಸಂಭವ ತೊಂಬತ್ತು ಪರ್ಸೆಂಟ್ ಅಂತ ಓದಬಾರದು. ಹಿಂದೆ ಯಾವ ತಿಂಗಳು ಹೊಕ್ಕಿದ್ದರೆ ಏನಾಗುತ್ತಿತ್ತು ಅನ್ನುವ ಚಿತ್ರ ಅದು, ಅಷ್ಟಕ್ಕೇ ಇಟ್ಟುಕೊಳ್ಳಿ. ಅದಕ್ಕೇ ನಾನು ಹತ್ತು ವರ್ಷಕ್ಕಿಂತ ಕಡಿಮೆ ಪಟ್ಟಿಯನ್ನು ನೋಡಿ ಏನೂ ತೀರ್ಮಾನ ಮಾಡುವುದಿಲ್ಲ. ಮೇಷ್ಟ್ರಿಗೆ ಇದೂ ಸಾಲದು ಅಂತ ಮುಖದಲ್ಲೇ ಗೊತ್ತಾಗುತ್ತಿತ್ತು.

ಹಳೆಯ ಪಟ್ಟಿಗೂ ಒಂದು ತೊಡಕಿದೆ. 2017ರ ಅಕ್ಟೋಬರಿನಲ್ಲಿ ಸೆಬಿ ಫಂಡ್‌ಗಳನ್ನು ಹೊಸದಾಗಿ ವರ್ಗ ಮಾಡಿತು, ಮರುವರ್ಷ ಎಷ್ಟೋ ಫಂಡ್‌ಗಳ ಹೆಸರು ಬದಲಾಯಿತು, ಕೆಲವದರ ಸ್ವಭಾವವೇ ಬದಲಾಯಿತು, ಕೆಲವು ಇನ್ನೊಂದರ ಒಳಗೆ ಸೇರಿಹೋದವು. ಆವರೆಗೆ ಎಲ್ಲ ಗಾತ್ರದ ಷೇರು ಕೊಳ್ಳುತ್ತಿದ್ದ ಫಂಡ್ ಅಲ್ಲಿಂದ ದೊಡ್ಡ ನೂರು ಕಂಪನಿಗೆ ಸೀಮಿತವಾಗಿದ್ದರೆ, ಹಿಂದಿನ ಕೋಲುಗಳು ಬೇರೆ ಫಂಡಿನವು ಅಂತಲೇ ಲೆಕ್ಕ. ಕೊಟ್ಟಿಗೆ ಅದೇ, ದನ ಬೇರೆ.

ಎಸ್‌ಐಪಿ ಬಗ್ಗೆ ಮೂರು ಜನ ಕೇಳಿದರು. ಈ ಕೋಷ್ಟಕ ಒಂದೇ ಸಲ ಹಾಕಿದ ಹಣದ್ದು. ತಿಂಗಳು ತಿಂಗಳು ಹಾಕುವವರ ಪ್ರತಿ ಕಂತಿಗೂ ಬೇರೆ ಕೋಲು, ಮೊದಲ ಕಂತಿಗೆ ಮೂರು ವರ್ಷದ್ದಾದರೆ ಕೊನೆಯದಕ್ಕೆ ಒಂದು ತಿಂಗಳಿನದು. ಹಾಗಾಗಿ ಇದರ ಅಂಕಿ ನಿಮ್ಮ ಸ್ಟೇಟ್‌ಮೆಂಟಿಗೆ ಹೊಂದುವುದಿಲ್ಲ. ಫಂಡಿನ ಗುಣ ನೋಡಲು ಇದು ಸಾಕು, ನಿಮ್ಮ ಲಾಭ ಎಷ್ಟು ಅನ್ನುವುದಕ್ಕೆ ಬೇರೆ ಲೆಕ್ಕ. ಯಾವ ಫಂಡ್ ತಗೊಳ್ಳಲಿ ಅಂತಲೂ ಕೇಳಿದರು. ಹೇಳಲಿಲ್ಲ. ಅದಕ್ಕೆ ಸೆಬಿಯಲ್ಲಿ ನೋಂದಾಯಿಸಿಕೊಂಡ ಸಲಹೆಗಾರರಿದ್ದಾರೆ, ನಾನು ಅಲ್ಲ, ಮತ್ತೆ ನನ್ನ 2018ರ ಕಥೆ ಕೇಳಿದ ಮೇಲೂ ನನ್ನನ್ನು ಕೇಳುತ್ತೀರಲ್ಲ.

ಎಲ್ಲ ಮುಗಿದು ಕೊಡೆ ಹುಡುಕುತ್ತಿದ್ದಾಗ ಸೊಸೈಟಿಯಲ್ಲಿ ಕೆಲಸ ಮಾಡುವ ಅಕ್ಕ ಒಬ್ಬರು ಮೊಬೈಲ್ ಹಿಡಿದುಕೊಂಡು ಬಂದರು. ಮಾತು ನಡೆಯುತ್ತಿರುವಾಗಲೇ ತಮ್ಮ ಫಂಡಿನ ಎನ್‌ಎವಿ ಇಳಿಸಿಕೊಂಡು ಲೆಕ್ಕ ಮಾಡಿದ್ದರು. ಕನಿಷ್ಠವೇ 17 ಪರ್ಸೆಂಟ್, ನಷ್ಟ ಒಂದೂ ಇಲ್ಲ. "ಇದು ಒಳ್ಳೇದಲ್ವಾ ಸಾರ್?" ಅಂದರು. ಎಷ್ಟು ಕೋಲು ಬಂತು ಅಕ್ಕ ಅಂತ ಕೇಳಿದೆ. ಎಣಿಸಿದರು. ಹದಿಮೂರು. ಫಂಡಿಗೆ ನಾಲ್ಕೇ ವರ್ಷ ತುಂಬಿತ್ತು. ಮೊದಲ ಕೋಲಿಗೂ ಹದಿಮೂರನೆಯದಕ್ಕೂ ಮಧ್ಯದ 24 ತಿಂಗಳು ಒಂದೇ, ಆ 24 ತಿಂಗಳು ಮಾರ್ಕೆಟ್ ಚೆನ್ನಾಗಿತ್ತು. ಫಂಡ್ ಕೆಟ್ಟದ್ದು ಅಂತ ಇದರಿಂದ ಹೇಳಲಾಗುವುದಿಲ್ಲ, ಒಳ್ಳೆಯದು ಅಂತಲೂ ಹೇಳಲಾಗುವುದಿಲ್ಲ. ಫ್ಯಾಕ್ಟ್ ಶೀಟಿನಲ್ಲಿ ಬೆಂಚ್‌ಮಾರ್ಕ್ ಯಾವುದು ಅಂತ ಬರೆದಿರುತ್ತದೆ, ಆ ಸೂಚ್ಯಂಕಕ್ಕೆ ಹಳೆಯ ಪಟ್ಟಿ ಸಿಗುತ್ತದೆ, ಅದರ ಮೇಲೆ ಇದೇ ಲೆಕ್ಕ ಮಾಡಿ, ಆ ಜಾತಿಯ ಷೇರುಗಳಿಗೆ ಕೆಟ್ಟ ಮೂರು ವರ್ಷ ಹೇಗಿತ್ತು ಅಂತ ಗೊತ್ತಾಗುತ್ತದೆ ಅಂದೆ.

ಅಲ್ಲೇ ಜಗಲಿ ಮೇಲೆ ಕೂತು ಮಾಡಿದರು. ಮಳೆಯೂ ಬಿಟ್ಟಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮೊಬೈಲನ್ನು ನನ್ನ ಕಡೆ ತಿರುಗಿಸಿ, "ಸಾರ್, ಇಲ್ಲಿ ಮೈನಸ್ ಬಂತು" ಅಂದರು.